ಎದುರು ಮನೆಯ ಏವಾ

ಫಿನ್‌ಲ್ಯಾಂಡಿನ ಔಲು ಊರಿಗೆ ಬಂದು ಮೂರು ತಿಂಗಳಾದರೂ ಎದುರು ಮನೆಯ ಅಜ್ಜಿ ಚೈತ್ರಾಗೆ ಹೇಳಿದ್ದು ಒಂದೇ ಮಾತು. "ಮೊಯ್." ಇವಳೂ "ಮೊಯ್" ಅನ್ನುತ್ತಿದ್ದಳು. ಅಲ್ಲಿಗೆ ಮುಗೀತು. ತರೀಕೆರೆಯಲ್ಲಾಗಿದ್ದರೆ ಅಷ್ಟರೊಳಗೆ ಅಪ್ಪನ ಅಂಗಡಿ ವ್ಯಾಪಾರ, ಅಕ್ಕನ ಮದುವೆ, ಬಾಡಿಗೆ ಎಷ್ಟು ಅನ್ನೋದೆಲ್ಲ ವಿಚಾರಣೆ ಆಗಿರುತ್ತಿತ್ತು.

ಆದರೆ ಅಜ್ಜಿಗೂ ಇವಳಿಗೂ ದಿನಾ ಬೆಳಗಿನ ಜಾವ ಒಂದು ವ್ಯವಹಾರ ನಡೆಯುತ್ತಿತ್ತು. ಚೈತ್ರಾ ಪೇಪರ್ ಹಾಕುವ ಹುಡುಗಿ. ಯುರೋಪಿನ ಹೊರಗಿನಿಂದ ಬಂದ ವಿದ್ಯಾರ್ಥಿಗಳಿಗೆ 2017ರಿಂದ ಇಲ್ಲಿ ಫೀಸು ಶುರುವಾಗಿದೆ. ಅಪ್ಪ ಮನೆ ಮೇಲೆ ಸಾಲ ತೆಗೆದಿದ್ದರು. ಹಾಗಾಗಿ ಹಗಲು ಲಿನ್ನನ್ಮಾದ ಯೂನಿವರ್ಸಿಟಿ, ರಾತ್ರಿ ಎರಡೂವರೆಗೆ ಎದ್ದರೆ ತುಯಿರಾ ಬಡಾವಣೆಯ ಮೆಟ್ಟಿಲುಗಳು. ಸೊಂಟದಲ್ಲಿ ಬಿಲ್ಡಿಂಗುಗಳ ಬೀಗದ ಕೈ ಗೊಂಚಲು, ಹೆಗಲಿಗೆ ಚೀಲ. ಪ್ರತಿ ಬಾಗಿಲಲ್ಲೂ ತಗಡಿನ ಮುಚ್ಚಳದ ಕಿಂಡಿ. ಪೇಪರ್ ತೂರಿಸಿದರೆ ಒಳಗೆ 'ಧೊಪ್' ಅನ್ನುತ್ತದೆ. ಅಜ್ಜಿ ಮನೆಯಲ್ಲಿ ಮಾತ್ರ ಆ ಶಬ್ದ ಕೇಳಿಸುತ್ತಿರಲಿಲ್ಲ. ಒಳಗಿನಿಂದ ಯಾರೋ ಪೇಪರನ್ನು ಮೆಲ್ಲಗೆ ಎಳೆದುಕೊಳ್ಳುತ್ತಿದ್ದರು.

ಡಿಸೆಂಬರಿನಲ್ಲಿ ಒಂದು ದಿನ ಪೇಪರ್ ತಡವಾಯಿತು. ಹಿಂದಿನ ದಿನ ಹಿಮ ಕರಗಿ, ರಾತ್ರಿ ಮತ್ತೆ ಹೆಪ್ಪುಗಟ್ಟಿತ್ತು. ಅದರ ಮೇಲೆ ಪುಡಿ ಹಿಮ ಉದುರಿ ದಾರಿ ಒಳ್ಳೆ ಬೆಳ್ಳಗೆ ಕಾಣುತ್ತಿತ್ತು. ಜಲ್ಲಿ ಚೆಲ್ಲುವ ಗಾಡಿ ಇನ್ನೂ ಬಂದಿರಲಿಲ್ಲ. ಕಾಲು ಜಾರಿದ್ದೇ ಗೊತ್ತಾಗಲಿಲ್ಲ. ಬಲಗೈ ಊರಿಕೊಂಡು ಬಿದ್ದಳು. ಎದ್ದು, ಚೆಲ್ಲಿದ ಪೇಪರ್ ಬಳಿದುಕೊಂಡು ಮೂರನೇ ಮಹಡಿ ಹತ್ತಿ, ಎಡಗೈಯಲ್ಲಿ ಒದ್ದೆ ಪೇಪರನ್ನು ಕಿಂಡಿಗೆ ತುರುಕುತ್ತಿದ್ದಾಗ ಬಾಗಿಲೇ ತೆರೆಯಿತು.

ಅಜ್ಜಿ ಮೊದಲು ಪೇಪರ್ ನೋಡಿದರು. ಆಮೇಲೆ ಕೈ ನೋಡಿದರು.

"ಒಳಗೆ ಬಾ."

ಅಡುಗೆಮನೆಯಲ್ಲಿ ಕಾಫಿ ಇಳಿಯುತ್ತಿತ್ತು. ಅಜ್ಜಿ ಮಣಿಕಟ್ಟನ್ನು ಅಲ್ಲಿ ಇಲ್ಲಿ ಒತ್ತಿ, ಬೆರಳು ಮಡಚಿಸಿ, ಬಿಗಿಯಾಗಿ ಬ್ಯಾಂಡೇಜು ಸುತ್ತಿದರು. ಒಂದಿಷ್ಟು ಇಂಗ್ಲಿಷ್, ಒಂದಿಷ್ಟು ಫಿನ್ನಿಶ್. ಹೆಸರು ಏವಾ. ನರ್ಸ್ ಆಗಿದ್ದವರು. ಮುರಿದಿಲ್ಲ, ಆದರೂ ಡಾಕ್ಟರಿಗೆ ತೋರಿಸು, ಮನೆಗೆ ಹೋಗಿ ಮಲಗು ಅಂದರು.

"ಇನ್ನೂ ನಾಲ್ಕು ಬಿಲ್ಡಿಂಗ್ ಇದೆ" ಅಂದಳು ಚೈತ್ರಾ.

ಏವಾ ಅವಳ ಮುಖವನ್ನೇ ಒಂದು ಗಳಿಗೆ ನೋಡಿದರು. ಕೋಟಿನ ಜೇಬಿನಿಂದ ಬೆಂಕಿಪೊಟ್ಟಣದಂಥ ಒಂದು ಡಬ್ಬಿ ತೆಗೆದು ಅವಳ ಕೈಗಿಟ್ಟು, "ಸಿಸು" ಅಂದರು.

ಡಬ್ಬಿಯ ಮೇಲೂ ಅದೇ ಇತ್ತು. ಒಳಗೆ ಕಪ್ಪು ಚೂರುಗಳು. ಕೊನೆ ಬಿಲ್ಡಿಂಗಿನ ಮೆಟ್ಟಿಲ ಮೇಲೆ ಕೂತು ಒಂದನ್ನು ಬಾಯಿಗೆ ಹಾಕಿಕೊಂಡಳು. ಕೆಮ್ಮು ಬಂದಾಗ ಊರಲ್ಲಿ ತನ್ನ ಅಜ್ಜಿ ಬಲವಂತವಾಗಿ ನೆಕ್ಕಿಸುತ್ತಿದ್ದ ಜ್ಯೇಷ್ಠಮಧು! ಸಂಜೆ ವಿಡಿಯೊ ಕಾಲಿನಲ್ಲಿ ಡಬ್ಬಿ ತೋರಿಸಿ, ಸಿಸು ಅಂತ ಇಲ್ಲಿಯ ಮಿಠಾಯಿ, ಎದುರು ಮನೆಯವರು ಕೊಟ್ಟರು ಅಂದಳು. ಅಮ್ಮ ಗಾಬರಿಯಾದರು. "ಶಿಶುನಾ? ಯಾರ ಶಿಶು?" ಬ್ಯಾಂಡೇಜಿನ ಕೈಯನ್ನು ಚೈತ್ರಾ ಮೇಜಿನ ಕೆಳಗೇ ಇಟ್ಟುಕೊಂಡಿದ್ದಳು.

ಸಿಸು ಬರೀ ಮಿಠಾಯಿ ಅಲ್ಲ ಅಂತ ಗೊತ್ತಾಗಿದ್ದು ಫಿನ್ನಿಶ್ ಕ್ಲಾಸಿನಲ್ಲಿ. ಮಿಠಾಯಿ ಬಂದದ್ದು 1928ರಲ್ಲಿ. ಅದೇ ಹೆಸರಿನ ಲಾರಿಗಳೂ ಇವೆ. ಮೇಷ್ಟ್ರು ಹೊಟ್ಟೆ ಮುಟ್ಟಿ ತೋರಿಸಿದರು. ಸಿಸು ಅಂದರೆ ಇಲ್ಲಿಂದ ಬರೋದು, ಇನ್ನು ಆಗಲ್ಲ ಅಂದಮೇಲೂ ಬರೋದು. ಹಳೇ ರೇಸೊಂದನ್ನು ಹಾಕಿ ತೋರಿಸಿದರು. 1972ರ ಮ್ಯೂನಿಕ್ ಒಲಿಂಪಿಕ್ಸ್, ಹತ್ತು ಸಾವಿರ ಮೀಟರ್ ಓಟ. ಫಿನ್‌ಲ್ಯಾಂಡಿನ ಲಾಸ್ಸೆ ವಿರೇನ್ ಅರ್ಧ ದಾರಿಯಲ್ಲಿ ಮುಗ್ಗರಿಸಿ ಬೀಳುತ್ತಾನೆ. ಏಳುತ್ತಾನೆ. ವಿಶ್ವದಾಖಲೆ ಮಾಡಿ ಗೆಲ್ಲುತ್ತಾನೆ. ನೋಡುತ್ತಾ ನೋಡುತ್ತಾ ಚೈತ್ರಾಗೆ ಮೈ ಜುಮ್ಮೆಂದಿತು. ಬಿದ್ದು ಎದ್ದವಳು ತಾನೂ ಅಲ್ವಾ! ಆ ರಾತ್ರಿ ವಾಟ್ಸಾಪ್ ಸ್ಟೇಟಸ್ಸಿಗೆ 'ಸಿಸು' ಅಂತ ಹಾಕಿ, ಬ್ಯಾಂಡೇಜನ್ನು ಇನ್ನಷ್ಟು ಬಿಗಿದುಕೊಂಡು ಪೇಪರ್ ಹಾಕಲು ಹೋದಳು. ಮರುದಿನವೂ ಹೋದಳು. ಕೈ ಊದಿಕೊಂಡಿತು. ಪೆನ್ನು ಹಿಡಿಯಲು ಆಗದೆ ಒಂದು ಪರೀಕ್ಷೆಯನ್ನು ಅರ್ಧ ಬರೆದು ಬಂದಳು. ಯಾರಿಗೂ ಹೇಳಲಿಲ್ಲ.

ಭಾನುವಾರ ಏವಾ ಕರೆದರು. ಮೇಜಿನ ಮೇಲೆ ರೈ ಹಿಟ್ಟಿನ ತೆಳ್ಳನೆ ಹಾಳೆಗಳು. ಒಂದು ಪಾತ್ರೆಯಲ್ಲಿ ಹಾಲಿನಲ್ಲಿ ಬೇಯಿಸಿದ ಅನ್ನ. ಅನ್ನವನ್ನು ಹಾಳೆಯ ಮಧ್ಯ ಹರಡಿ, ಅಂಚನ್ನು ಎರಡೂ ಕಡೆಯಿಂದ ಬೆರಳಲ್ಲಿ ಚಿವುಟುತ್ತಾ ಮಡಚಬೇಕು. ಕರೇಲಿಯಾದ ಪೀರಕ್ಕ. ಚೈತ್ರಾ ನಕ್ಕಳು. ಕರ್ಜಿಕಾಯಿಯ ಅಂಚು ಮಡಚುವುದರಲ್ಲಿ ಅವಳದು ಮನೆಯಲ್ಲಿ ಎತ್ತಿದ ಕೈ. ಆದರೆ ಈಗ ಹೆಬ್ಬೆರಳಿಗೂ ತೋರುಬೆರಳಿಗೂ ಮಧ್ಯೆ ಹಿಟ್ಟು ನಿಲ್ಲಲಿಲ್ಲ. ಅನ್ನ ಮೇಜಿಗೆ ಬಿತ್ತು.

"ಡಾಕ್ಟರ್ ಏನಂದ್ರು?"

"ಹೋಗಲಿಲ್ಲ. ಕೆಲಸ ಬಿಟ್ಟಿಲ್ಲ." ತೋಳು ಮಡಚಿ ತೋರಿಸಿದಳು. "ಸಿಸು!"

ಏವಾ ನಗಲಿಲ್ಲ. ಅನ್ನ ಒರೆಸಿ, ಬಟ್ಟೆ ಹಿಂಡಿ, ಕೂತರು.

"ನಮ್ಮಪ್ಪ ಯುದ್ಧದಿಂದ ವಾಪಸ್ ಬಂದಾಗ ಕಾಲಲ್ಲಿ ಗುಂಡಿನ ಚೂರಿತ್ತು. ಯಾರಿಗೂ ತೋರಿಸಲಿಲ್ಲ. ಅದೇ ಕಾಲಲ್ಲಿ ಉತ್ತ, ಮರ ಕಡಿದ. ರಾತ್ರಿ ಹಲ್ಲು ಕಚ್ಚೋ ಸದ್ದು ನಮಗೆ ಕೇಳೋದು. ಆಸ್ಪತ್ರೆಗೆ ಒಯ್ಯೋ ಹೊತ್ತಿಗೆ ಕಾಲು ಕಪ್ಪಾಗಿತ್ತು. ಸಾವಿಗೆ ಬಂದವರೆಲ್ಲ ಅಂದರು, ಎಂಥಾ ಸಿಸು! ಅಮ್ಮ ಅಂದಳು, ಹೂಂ, ಪಹಾ ಸಿಸು. ಕೆಟ್ಟ ಸಿಸು. ಹಾಗೂ ಒಂದು ಮಾತಿದೆ ನಮ್ಮಲ್ಲಿ. ಕ್ಲಾಸಲ್ಲಿ ಹೇಳಿರಲಿಕ್ಕಿಲ್ಲ."

ಇಲ್ಲ ಅಂತ ತಲೆ ಆಡಿಸಿದಳು.

"1944ರಲ್ಲಿ ನಮ್ಮ ಕರೇಲಿಯಾ ರಷ್ಯಾದವರ ಪಾಲಾಗಿ, ಅದನ್ನು ಬಿಟ್ಟು ಬಂದಾಗ ನನಗೆ ಐದು ವರ್ಷ. ನಾಲ್ಕು ಲಕ್ಷಕ್ಕೂ ಜಾಸ್ತಿ ಜನ ಮನೆ ಕಳಕೊಂಡರು. ಅಪ್ಪ ಗಡಿಯಲ್ಲಿದ್ದ. ಅಮ್ಮ, ನಾನು, ಒಂದು ಹಸು. ಹಸು ನಡೆದಷ್ಟೇ ನಮ್ಮ ನಡಿಗೆ. ಕತ್ತಲಾದ ಕೂಡಲೇ ಅಮ್ಮ ಸಿಕ್ಕಿದ ಮನೆ ಬಾಗಿಲು ತಟ್ಟೋಳು. ಮಲಗೋಕೆ ಜಾಗ ಕೊಡಿ, ಹಾಲು ಕೊಡ್ತೀನಿ. ಇಲ್ಲ ಅಂದರೆ ಮುಂದಿನ ಮನೆ. ಮಾರನೇ ದಿನ ಮತ್ತೆ ಹಾಗೇ. ಅಪ್ಪನ ಕೈಲಿ ಒಂದು ಬಾಗಿಲು ತಟ್ಟೋಕೂ ಆಗಲಿಲ್ಲ ನೋಡು." ಒಂದು ಪೀರಕ್ಕ ಎತ್ತಿ ತಟ್ಟೆಗೆ ಇಟ್ಟರು. "ಬೆಣ್ಣೇಲಿ ಕಿವುಚಿದ ಮೊಟ್ಟೆ ಇದೆ, ಮೇಲೆ ಹಾಕಿಕೋ."

ಸೋಮವಾರ ಚೈತ್ರಾ ಡಾಕ್ಟರ ಹತ್ತಿರ ಹೋದಳು. ಎಕ್ಸ್‌ರೇಯಲ್ಲಿ ಸಣ್ಣ ಬಿರುಕು. ಪ್ಲಾಸ್ಟರ್ ಹಾಕಿ ರಜೆ ಚೀಟಿ ಕೊಟ್ಟರು. ಪೇಪರ್ ಕೆಲಸದ ಮೇಲ್ವಿಚಾರಕನಿಗೆ ಫೋನ್ ಮಾಡುವ ಮೊದಲು ಹೇಳಬೇಕಾದ್ದನ್ನೆಲ್ಲ ಒಂದು ಹಾಳೆಯ ಮೇಲೆ ಎಡಗೈಯಲ್ಲಿ ಬರೆದುಕೊಂಡಿದ್ದಳು. ಅವನು ಸುಮ್ನೆ "ಸರಿ, ಚೀಟಿ ಕಳಿಸು" ಅಂದ. ಪ್ರೊಫೆಸರ್ ಮರುಪರೀಕ್ಷೆಗೆ ಒಪ್ಪಿದರು. ಅಮ್ಮನಿಗೆ ಹೇಳುವುದೇ ಕಷ್ಟವಾಯಿತು. ಮೊದಲು ಅತ್ತರು, ಆಮೇಲೆ ಬೈದರು, ಕೊನೆಗೆ ಅಪ್ಪನ ಕೈಗೆ ಫೋನ್ ಕೊಟ್ಟರು.

ಏವಾ ಪ್ಲಾಸ್ಟರಿನ ಮೇಲೆ ಬೆರಳಲ್ಲಿ ತಟ್ಟಿ, "ಮುರಿದಿಲ್ಲ ಅಂದಿದ್ದೆ, ಅಲ್ವಾ? ಅಷ್ಟು ವರ್ಷ ನರ್ಸ್ ಆಗಿ ಏನು ಬಂತು!" ಅಂತ ತಾವೇ ನಕ್ಕರು.

ಮಾರ್ಚಿನ ಒಂದು ಬಿಸಿಲ ಬೆಳಿಗ್ಗೆ ಮೆಟ್ಟಿಲ ಮೇಲೆ ಏನೋ ದರದರ ಎಳೆಯುವ ಸದ್ದಾಯಿತು. ಬಾಗಿಲು ತೆಗೆದರೆ ಏವಾ! ಸುತ್ತಿದ ದೊಡ್ಡ ಜಮಖಾನವನ್ನು ಒಬ್ಬರೇ ಕೆಳಗೆ ಸಾಗಿಸುತ್ತಿದ್ದಾರೆ. ತಿರುವಿನಲ್ಲಿ ಅದು ಕಂಬಿಗೆ ಸಿಕ್ಕಿಕೊಂಡಿತ್ತು. ಹಿಮದ ಮೇಲೆ ಹಾಸಿ ಬಡಿದರೆ ಧೂಳೆಲ್ಲ ಹೋಗುತ್ತಂತೆ. ಎಂಬತ್ತು ದಾಟಿದ ಜೀವ, ಏದುಸಿರು, ಆದರೂ ಕೈ ಬಿಡಲೊಲ್ಲರು.

"ನನ್ನನ್ನು ಕರೀಬಾರದಿತ್ತಾ?"

"ಆಗುತ್ತೆ, ಆಗುತ್ತೆ."

"ಪಹಾ ಸಿಸು" ಅಂದಳು ಚೈತ್ರಾ.

ಏವಾ ಗಕ್ಕನೆ ನಿಂತರು. ತಿರುಗಿ ನೋಡಿ, ಯಾವ ಫಿನ್ನಿಶ್ ಕ್ಲಾಸಿನಲ್ಲೂ ಕಲಿಸದ ಒಂದು ಬೈಗುಳ ಬೈದರು. ಆಮೇಲೆ ಜಮಖಾನದ ಒಂದು ತುದಿ ಬಿಟ್ಟರು.

"ಎಡಗೈಯಲ್ಲಿ ಹಿಡಿ. ಬಲಗೈ ಬೇಡ."

ಹಿತ್ತಲಲ್ಲಿ ಇಬ್ಬರೂ ಅದನ್ನು ಹಿಮದ ಮೇಲೆ ಬಿಡಿಸಿದರು. ಏವಾ ಬೆತ್ತದ ಬಡಿಗೆಯನ್ನು ಇವಳ ಕೈಗೆ ಕೊಟ್ಟು ಪಕ್ಕದ ಬೆಂಚಿನಲ್ಲಿ ಕೂತರು.

"ಜೋರಾಗಿ ಹೊಡಿ. ನಿಮ್ಮೂರಲ್ಲಿ ಕಂಬಳಿ ಕೊಡವಲ್ವಾ?"