ಹೆಸರಿಡುವ ಉಪಸಮಿತಿಯ ವರದಿ: ಕ್ರಿಕೆಟ್ ತಂಡಗಳು, ಉತ್ಸವದ ಸ್ಪರ್ಧೆಗಳು ಮತ್ತು ವಾಟ್ಸ್‌ಆ್ಯಪ್ ಗುಂಪುಗಳು

ಕಲಬುರಗಿ, 19 ಜನವರಿ 2026

ಇವರಿಗೆ,
ಅಧ್ಯಕ್ಷರು, ವಾರ್ಷಿಕ ಉತ್ಸವ ಸಮಿತಿ

ಗೌರವಾನ್ವಿತ ಮೇಡಂ ಅವರಿಗೆ ನಮಸ್ಕಾರಗಳು.

ಫೆಬ್ರವರಿಯಲ್ಲಿ ನಡೆಯಲಿರುವ ಮೂರು ದಿನಗಳ ಉತ್ಸವಕ್ಕೆ ಬೇಕಾದ ಹೆಸರುಗಳನ್ನು ಸೂಚಿಸುವಂತೆ ತಾವು ನಮ್ಮ ಐವರ ಉಪಸಮಿತಿಗೆ ತಿಳಿಸಿದ್ದಿರಿ. ಸೂಚನಾ ಪೆಟ್ಟಿಗೆಗೆ ಬಂದ ಚೀಟಿಗಳನ್ನೆಲ್ಲ ಓದಿ, ನಾಲ್ಕು ಸಂಜೆ ಕುಳಿತು ಚರ್ಚಿಸಿ, ಎರಡು ಬಾರಿ ಜಗಳವಾಡಿ, ನಾವು ಒಪ್ಪಿದ ಹೆಸರುಗಳನ್ನು ಕಾರಣಸಹಿತ ಇಲ್ಲಿ ಸಲ್ಲಿಸುತ್ತಿದ್ದೇವೆ.

ಚೀಟಿಗಳಲ್ಲಿ ಮುಕ್ಕಾಲು ಪಾಲು ಟೈಗರ್ಸ್, ಲಯನ್ಸ್, ವಾರಿಯರ್ಸ್ ಎಂಬ ಹೆಸರುಗಳೇ ಇದ್ದವು. ‘ತೊಗರಿ ಟೈಗರ್ಸ್’ ಒಂದನ್ನೇ ಹನ್ನೊಂದು ಮಂದಿ ಬರೆದಿದ್ದರು. ತೊಗರಿ ನಮ್ಮದೇ, ಆದರೆ ಅದರ ಪಕ್ಕದಲ್ಲಿ ನಿಂತ ಹುಲಿ ಎಲ್ಲಿಂದ ಬಂತೆಂಬುದು ತಿಳಿಯಲಿಲ್ಲವಾದ್ದರಿಂದ ಆ ಬಗೆಯ ಹೆಸರುಗಳನ್ನು ಮೊದಲ ದಿನವೇ ಬದಿಗಿಟ್ಟೆವು. ಶರಣರು, ದೇವಸ್ಥಾನ, ದರ್ಗಾ ಇವುಗಳನ್ನು ತಮಾಷೆಗೆ ಎಳೆದು ತರುವ ಹೆಸರುಗಳನ್ನೂ ತೆಗೆದುಕೊಳ್ಳಲಿಲ್ಲ. ಚರ್ಚಾಸ್ಪರ್ಧೆಗೆ ‘ಅನುಭವ ಮಂಟಪ’ ಎಂದು ಕರೆಯಬೇಕೆಂದು ಒಬ್ಬರು ಬಹಳ ಶ್ರದ್ಧೆಯಿಂದಲೇ ಬರೆದಿದ್ದರು. ಆದರೆ ನಮ್ಮಲ್ಲಿನ ಚರ್ಚೆ ಮೂರನೆಯ ಸುತ್ತಿಗೆ ಯಾವ ಮಟ್ಟಕ್ಕೆ ಇಳಿಯುತ್ತದೆ ಎಂಬುದನ್ನು ಹೋದ ವರ್ಷ ಎಲ್ಲರೂ ನೋಡಿದ್ದೇವೆ. ಹಾಸ್ಟೆಲ್ಲಿನ ನಿದ್ದೆಗಣ್ಣಿನ ಹುಡುಗರು ತಮ್ಮ ತಂಡಕ್ಕೆ ಶಹಾಪುರದ ಬುದ್ಧ ಮಲಗಿದ ಬೆಟ್ಟದ ಹೆಸರನ್ನು ಬಯಸಿದ್ದರು. ಅದನ್ನೂ ಇದೇ ಕಾರಣಕ್ಕೆ ನಿರಾಕರಿಸಿದೆವು.

ಕ್ರಿಕೆಟ್ ತಂಡಗಳ ವಿಷಯಕ್ಕೆ ಬರುವುದಾದರೆ, ಟೆನಿಸ್ ಚೆಂಡಿನ ಪಂದ್ಯಾವಳಿಯಲ್ಲಿ ವಿದ್ಯಾರ್ಥಿಗಳ ನಾಲ್ಕು, ವಿದ್ಯಾರ್ಥಿನಿಯರ ಎರಡು ತಂಡಗಳಿವೆ. ಕಲಬುರಗಿ ನಗರದ ತಂಡಕ್ಕೆ ‘ನಿಮ್ಮ ಬ್ಯಾಳಿ ಬೇಯಂಗಿಲ್ಲ’ ಎಂಬ ಹೆಸರನ್ನು ಸೂಚಿಸುತ್ತೇವೆ. ತೊಗರಿಯ ಕಣಜವೆನಿಸಿದ, 2019ರಲ್ಲಿ ತನ್ನ ತೊಗರಿ ಬೇಳೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಜಿಲ್ಲೆಯ ತಂಡವೊಂದು ಎದುರಾಳಿಗೆ ಹೇಳಬಹುದಾದ ಇದಕ್ಕಿಂತ ತಕ್ಕ ಮಾತು ನಮಗೆ ಹೊಳೆಯಲಿಲ್ಲ. ಇದಕ್ಕೆ ಉಪಸಮಿತಿಯೊಳಗೇ ಒಂದು ತಕರಾರು ಬಂತು. ಮೊದಲ ಕರಡಿನಲ್ಲಿ ಹೆಸರು ಕೇವಲ ‘ಬ್ಯಾಳಿ ಬೇಯಂಗಿಲ್ಲ’ ಎಂದಿತ್ತು. ಆಳಂದ ಕಡೆಯ ರೈತರ ಮಗಳಾದ ನಮ್ಮ ಸದಸ್ಯೆ, ಹೀಗೆ ಬರೆದರೆ ನಮ್ಮ ಬೇಳೆಯೇ ಬೇಯುವುದಿಲ್ಲವೆಂದು ಹೊರಗಿನವರು ತಿಳಿದಾರು, ಈಗ ರಾಶಿಯಾಗಿ ಮಾಲು ಮಾರುಕಟ್ಟೆಗೆ ಬರುವ ಕಾಲ, ಇಂಥ ಮಾತು ಬೇಡ ಎಂದು ಎದ್ದು ನಿಂತರು. ಅವರ ಮಾತು ಸರಿಯಾಗಿತ್ತು. ‘ನಿಮ್ಮ’ ಎಂಬ ಒಂದು ಪದ ಸೇರಿಸಿದ ಮೇಲೆ ಬೇಯದ ಬೇಳೆ ಎದುರಾಳಿಯದ್ದಾಯಿತು. ಬೆಂಗಳೂರಿನ ‘ಬೇಳೆ’ಯನ್ನು ಇಲ್ಲಿ ‘ಬ್ಯಾಳಿ’ಯಾಗಿಯೇ ಉಳಿಸಿಕೊಳ್ಳಬೇಕೆಂದೂ, ಮುದ್ರಕರು ಅದನ್ನು ತಿದ್ದಬಾರದೆಂದೂ ವಿನಂತಿ.

ಬೀದರ ಜಿಲ್ಲೆಯ ವಿದ್ಯಾರ್ಥಿಗಳ ತಂಡಕ್ಕೆ ‘ಬಿದ್ರಿ’ ಎಂಬ ಹೆಸರು ಎಲ್ಲರಿಂದ ಒಪ್ಪಿಗೆ ಪಡೆಯಿತು. ಸತು ಮತ್ತು ತಾಮ್ರದ ಮಿಶ್ರಲೋಹವನ್ನು ಬೀದರ ಕೋಟೆಯ ಮಣ್ಣಿನಿಂದ ಕಪ್ಪಾಗಿಸಿ, ಅದರ ಮೇಲೆ ಬೆಳ್ಳಿಯ ಎಳೆಗಳು ಹೊಳೆಯುವಂತೆ ಮಾಡುವ ಕಲೆಯ ಹೆಸರು ಅದು. ಜೊತೆಗೆ, ನಮ್ಮ ಭಾಗದಲ್ಲಿ ಯಾರಾದರೂ ಎಡವಿದಾಗ ಮರ್ಯಾದೆಯಿಂದ ಕೇಳುವ ಪ್ರಶ್ನೆಯೂ ಅದೇ. ಈ ತಂಡದ ಬೌಲರ್ ಎದುರಾಳಿಯ ವಿಕೆಟ್ ಉರುಳಿಸಿದಾಗ ಮೈದಾನದ ಸುತ್ತ ನಿಂತವರು ‘ಬಿದ್ರಿ!’ ಎಂದು ಕೂಗಿದರೆ ಅದು ತಂಡಕ್ಕೆ ಜಯಕಾರವೂ ಆಯಿತು, ಔಟಾದವನಿಗೆ ಸಾಂತ್ವನವೂ ಆಯಿತು. ಅದೇ ತಂಡದ ವಿಕೆಟ್‌ಗಳು ಸಾಲಾಗಿ ಉರುಳಿದಾಗ ಅದೇ ಕೂಗು ತಮಗೇ ತಿರುಗುತ್ತದೆಂದು ನಾವು ಎಚ್ಚರಿಸಿದೆವು. ನಾಯಕ ನಕ್ಕು, ‘ಬಿದ್ರೂ ಬಿದ್ರಿನೇ ಅಲ್ರಿ’ ಎಂದ ಮೇಲೆ ಚರ್ಚೆಗೆ ಏನೂ ಉಳಿಯಲಿಲ್ಲ. ಇವರ ಅಂಗಿ ಕಪ್ಪು ಬಣ್ಣದ್ದಾಗಿದ್ದು, ಅಕ್ಷರಗಳು ಬೆಳ್ಳಿಯ ಬಣ್ಣದಲ್ಲಿರಲಿ.

ಯಾದಗಿರಿ ಜಿಲ್ಲೆಯವರಿಗೆ ‘ಯಾದ್ ಇರ್ಲಿ’. ಊರಿನ ಹೆಸರಿನ ಮೊದಲರ್ಧವೇ ನಮ್ಮ ಆಡುಮಾತಿನಲ್ಲಿ ನೆನಪು ಎಂಬ ಅರ್ಥ ಕೊಡುವುದರಿಂದ ಹೆಸರು ತಾನಾಗಿಯೇ ಒದಗಿತು. ಗೆದ್ದರೆ ಅದು ಹೆಮ್ಮೆ, ಸೋತರೆ ಬೆದರಿಕೆ. ಭೀಮಾ ನದಿಯನ್ನು ಹೆಸರಿನಲ್ಲಿ ತರಬೇಕೆಂಬ ಒತ್ತಾಯ ಅವರಲ್ಲಿ ಕೆಲವರಿಂದ ಇತ್ತು. ಆದರೆ ‘ಭೀಮಾತೀರ’ ಎಂದೊಡನೆ ಜನರಿಗೆ ನೀರಿಗಿಂತ ಮೊದಲು ಪೊಲೀಸ್ ಠಾಣೆ ನೆನಪಾಗುವುದರಿಂದ ಅದನ್ನು ಕೈಬಿಟ್ಟೆವು.

ಶಹಾಬಾದ ಮತ್ತು ಚಿತ್ತಾಪುರ ಕಡೆಯವರ ತಂಡಕ್ಕೆ ‘ಫರ್ಸಿ ಗೋಡೆ’ ಎಂದಿರಲಿ. ಶಹಾಬಾದ ಕಲ್ಲನ್ನು ಬೇರೆಯವರು ನೆಲಕ್ಕೆ ಹಾಸುತ್ತಾರೆ, ಅಲ್ಲಿಯವರು ಗೋಡೆಯನ್ನೂ ಅದರಲ್ಲೇ ಕಟ್ಟುತ್ತಾರೆ. ರಾಹುಲ್ ದ್ರಾವಿಡ್ ಅವರನ್ನು ಗೋಡೆ ಎಂದು ಕರೆದ ನಾಡಿನಲ್ಲಿ ಈ ಹೆಸರಿಗೆ ವಿವರಣೆ ಬೇಕಿಲ್ಲ. ಈ ತಂಡದ ಕ್ಷೇತ್ರರಕ್ಷಣೆಯಲ್ಲಿ ಚೆಂಡು ಫರ್ಸಿಯ ಮೇಲೆ ಜಾರಿದಂತೆಯೇ ಜಾರುತ್ತದೆ ಎಂಬ ಅಭಿಪ್ರಾಯವೂ ಕೇಳಿಬಂದಿದೆ.

ವಿದ್ಯಾರ್ಥಿನಿಯರ ಮೊದಲ ತಂಡದ ಹೆಸರಿನ ಬಗ್ಗೆ ಸ್ವಲ್ಪ ವಿವರಿಸಬೇಕು. ‘ರೊಟ್ಟಿ ಬಡಿಯೋರು’ ಎಂಬ ಚೀಟಿ ಬಂದಾಗ, ಅದನ್ನು ಯಾರೋ ಹುಡುಗ ಹಂಗಿಸಲು ಬರೆದಿದ್ದಾನೆಂದು ಭಾವಿಸಿ ನಾವು ಹರಿದು ಹಾಕಲು ಹೊರಟಿದ್ದೆವು. ವಿಚಾರಿಸಿದಾಗ ಅದನ್ನು ಬರೆದವರು ತಂಡದ ಆರಂಭಿಕ ಆಟಗಾರ್ತಿಯೇ ಎಂದು ತಿಳಿಯಿತು. ಜೋಳದ ರೊಟ್ಟಿಯನ್ನು ನಮ್ಮಲ್ಲಿ ಯಾರೂ ‘ಮಾಡುವುದಿಲ್ಲ’, ಬಡಿಯುತ್ತಾರೆ. ಆ ಬಡಿತದ ಸದ್ದು ಮೂರು ಮನೆಯಾಚೆಗೂ ಕೇಳುತ್ತದೆ, ಅಂಥ ತೋಳಿನಿಂದ ಹೊರಟ ಚೆಂಡು ಎಲ್ಲಿಗೆ ಹೋಗುತ್ತದೆಂದು ಬೌಲರ್‌ಗಳು ಯೋಚಿಸಲಿ ಎಂಬುದು ಅವರ ವಾದ. ಬೇರೆಯವರು ಇಟ್ಟಿದ್ದರೆ ಈ ಹೆಸರು ಅವಮಾನವಾಗುತ್ತಿತ್ತು. ತಾವೇ ಇಟ್ಟುಕೊಂಡಿದ್ದರಿಂದ ಇಡೀ ಪಟ್ಟಿಯಲ್ಲೇ ಗಟ್ಟಿಯಾದ ಹೆಸರಾಗಿದೆ. ಇದನ್ನು ಆಟಗಾರ್ತಿಯರ ಲಿಖಿತ ಒಪ್ಪಿಗೆಯೊಂದಿಗೆ ಸಲ್ಲಿಸುತ್ತಿದ್ದೇವೆ.

ಎರಡನೆಯ ತಂಡದಲ್ಲಿ ಬೀದರಿನವರು ಹೆಚ್ಚಿರುವುದರಿಂದ ‘ಕರೇಜ್’ ಎಂಬ ಹೆಸರನ್ನು ಕೊಟ್ಟಿದ್ದೇವೆ. ಇದನ್ನು ಇಂಗ್ಲಿಷಿನ ಧೈರ್ಯವೆಂದು ಓದಿದವರಿಗೆ ಅದೂ ಸರಿಯೇ. ಬೀದರಿನವರು ಮಾತ್ರ ಇದನ್ನು ಬಹಮನಿ ಕಾಲದ ಸುರಂಗ ಬಾವಿಯೆಂದು ಓದುತ್ತಾರೆ. ನೆಲದಡಿ ಕೊರೆದ ಕಾಲುವೆಯಲ್ಲಿ ನೀರನ್ನು ಇಳಿಜಾರಿನ ಬಲದಿಂದಲೇ ಹರಿಸುವ ಪರ್ಷಿಯಾ ಮೂಲದ ಆ ವ್ಯವಸ್ಥೆಗೂ, ನೆಲಕ್ಕೆ ಅಂಟಿಕೊಂಡೇ ಬರುವ ಇವರ ಮುಖ್ಯ ಬೌಲರ್‌ಳ ಎಸೆತಗಳಿಗೂ ಇರುವ ಹೋಲಿಕೆ ಅಭ್ಯಾಸ ನೋಡಿದವರಿಗೆಲ್ಲ ಗೊತ್ತು.

ಅಧ್ಯಾಪಕರ ತಂಡದ ಪ್ರದರ್ಶನ ಪಂದ್ಯಕ್ಕೆ, ತಮ್ಮ ಕ್ಷಮೆ ಕೋರುತ್ತಾ, ‘ಇಪ್ಪತ್ತಕ್ಕೆ ಇಪ್ಪತ್ತು’ ಎಂಬ ಹೆಸರನ್ನು ಸೂಚಿಸುತ್ತೇವೆ. ಇಪ್ಪತ್ತು ಓವರುಗಳ ಆಟದ ನೆನಪಿಗೆ ಎಂದು ಕಾರ್ಯಕ್ರಮ ಪಟ್ಟಿಯಲ್ಲಿ ಬರೆಯಬಹುದು. ಆಂತರಿಕ ಅಂಕಗಳು ಯಾರ ಕೈಯಲ್ಲಿವೆಯೋ ಅವರನ್ನು ಔಟ್ ಮಾಡುವ ವಿದ್ಯಾರ್ಥಿ ಇದುವರೆಗೆ ಮುಂದೆ ಬಂದಿಲ್ಲ.

ಸ್ಪರ್ಧೆಗಳಲ್ಲಿ ರಸಪ್ರಶ್ನೆಗೆ ‘ಕುರಿತೋದದೆಯುಂ’ ಎಂಬ ಹೆಸರು ಸಿಕ್ಕಿದ್ದು ನಮ್ಮ ಭಾಗ್ಯ. ಒಂಬತ್ತನೆಯ ಶತಮಾನದಲ್ಲಿ, ಇಂದಿನ ಸೇಡಂ ತಾಲ್ಲೂಕಿನ ಮಳಖೇಡವಾದ ಮಾನ್ಯಖೇಟದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ರಚಿತವಾದ ಕವಿರಾಜಮಾರ್ಗವು, ಕನ್ನಡನಾಡಿನ ಜನ ಉದ್ದೇಶಪಟ್ಟು ಓದದೆಯೂ ಕಾವ್ಯಪ್ರಯೋಗದಲ್ಲಿ ನಿಪುಣರು ಎಂದು ಹೊಗಳಿದೆ. ಅದರಲ್ಲಿ ‘ಓದದೆಯೂ’ ಎಂಬ ಭಾಗವನ್ನು ನಮ್ಮ ಸಹಪಾಠಿಗಳು ಸಾವಿರಕ್ಕೂ ಹೆಚ್ಚು ವರ್ಷಗಳ ನಂತರವೂ ನಿಷ್ಠೆಯಿಂದ ಪಾಲಿಸುತ್ತಿದ್ದಾರೆ. ಭಿತ್ತಿಪತ್ರದಲ್ಲಿ ಕೊನೆಯ ಸೊನ್ನೆ ಬಿಟ್ಟುಹೋಗದಂತೆ ಕನ್ನಡ ವಿಭಾಗದವರೇ ಕರಡು ತಿದ್ದಬೇಕು.

ಚರ್ಚಾಸ್ಪರ್ಧೆಯ ಹೆಸರು ‘ಹೌದಿಲ್ಲೋ?’. ನಾವು ಪ್ರತಿ ಮಾತಿನ ಕೊನೆಗೆ ಸೇರಿಸುವ ಈ ಒಂದೇ ಪದದಲ್ಲಿ ಹೌದು ಮತ್ತು ಇಲ್ಲ ಎರಡೂ ಸೇರಿ ಕುಳಿತಿವೆ. ಪರ, ವಿರೋಧ ಎಂದು ಬೇರೆ ಬರೆಯುವ ಅಗತ್ಯವಿಲ್ಲ. ನಿಧಿಶೋಧಕ್ಕೆ ‘ಸುರಂಗ ಎಲ್ಲಿಗ್ರಿ?’ ಎಂದಿರಲಿ. ಈ ಮೂರು ಜಿಲ್ಲೆಗಳಲ್ಲಿ ಯಾವ ಕೋಟೆಗೆ ಹೋದರೂ, ಇಲ್ಲಿಂದ ಇನ್ನೊಂದು ಕೋಟೆಗೆ ಸುರಂಗವಿದೆ ಎಂದು ಹೇಳುವವರು ಒಬ್ಬರಾದರೂ ಸಿಗುತ್ತಾರೆ, ತೋರಿಸುವವರು ಮಾತ್ರ ಸಿಗುವುದಿಲ್ಲ. ಹಾಸ್ಯಸ್ಪರ್ಧೆಗೆ ನಮ್ಮ ಕೋಟೆಯ ಮೇಲಿನ ದೊಡ್ಡ ಫಿರಂಗಿಯ ‘ಬಾರಾ ಗಜಿ ತೋಪು’ ಎಂಬ ಹೆಸರನ್ನೇ ಇಟ್ಟಿದ್ದೇವೆ. ನಗೆ ಸಿಡಿದರೆ ಫಿರಂಗಿಯೆಂಬ ಅರ್ಥದಲ್ಲಿಯೂ, ಸಿಡಿಯದಿದ್ದರೆ ಸಿನಿಮಾ ‘ತೋಪಾಯಿತು’ ಎನ್ನುವ ಅರ್ಥದಲ್ಲಿಯೂ ಅದು ಸಲ್ಲುತ್ತದೆ. ಕಂಪ್ಯೂಟರ್ ವಿಭಾಗದವರ, ಪ್ರೋಗ್ರಾಮಿನ ತಪ್ಪು ಹುಡುಕುವ ಸ್ಪರ್ಧೆಗೆ ‘ಸರ್ವ ದೋಷ ನಿವಾರಣೆ’. ಬಸ್ ನಿಲ್ದಾಣದ ಗೋಡೆಗಳ ಮೇಲಿನ ಜ್ಯೋತಿಷಿಗಳ ಜಾಹೀರಾತಿನ ಬಣ್ಣದಲ್ಲಿಯೇ ಇದರ ಭಿತ್ತಿಪತ್ರ ಇರಬೇಕೆಂಬುದು ಅವರ ಬೇಡಿಕೆ. ನಮಗೆ ಆಕ್ಷೇಪವಿಲ್ಲ.

ವಾಟ್ಸ್‌ಆ್ಯಪ್ ಗುಂಪುಗಳ ಹೆಸರು ಹೊರಗಿನವರಿಗೆ ಕಾಣುವುದಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ಸಲುಗೆ ವಹಿಸಿದ್ದೇವೆ. ಲೆಕ್ಕಪತ್ರ ನೋಡುವವರಿಗೆ ‘ಲೆಕ್ಕಕ್ಕುಂಟು ಆಟಕ್ಕಿಲ್ಲ’. ಮೂರು ದಿನವೂ ರಸೀದಿಗಳ ನಡುವೆ ಕೂರುವ ಇವರು ಒಂದು ಪಂದ್ಯವನ್ನೂ ನೋಡಲಾರರೆಂಬುದು ನಿಜವೇ. ಊಟದ ವ್ಯವಸ್ಥೆಯವರಿಗೆ ‘ಪುಂಡಿಪಲ್ಯ ಪುಂಡರು’. ಸ್ವಯಂಸೇವಕರಿಗೆ ‘ಬರ್ಲಾಕತ್ತೀನ್ರಿ’, ಏಕೆಂದರೆ ಎಲ್ಲಿದ್ದೀರಿ ಎಂದು ಕೇಳಿದಾಗ ಅವರೆಲ್ಲ ಹಾಸಿಗೆಯಲ್ಲಿ ಮಲಗಿಕೊಂಡೇ ಕೊಡುವ ಉತ್ತರ ಅದು. ಅಂತಿಮ ವರ್ಷದವರ ಗುಂಪಿಗೆ ‘43 ಡಿಗ್ರಿ’. ತರಗತಿಯಲ್ಲಿರುವವರು ನಲವತ್ತಮೂರು ಜನ, ಮೇ ತಿಂಗಳ ಬಿಸಿಲೂ ಕೆಲವು ವರ್ಷ ಅಲ್ಲಿಯವರೆಗೆ ಏರುತ್ತದೆ, ಕೈಗೆ ಬಂದ ಪದವಿ ಪತ್ರಗಳು ಸದ್ಯಕ್ಕೆ ಸೊನ್ನೆ.

ಅಂಗಿಗಳ ಮುದ್ರಣಕ್ಕೆ ಹತ್ತು ದಿನ ಬೇಕೆಂದು ಅಂಗಡಿಯವರು ತಿಳಿಸಿದ್ದಾರೆ. ಆದುದರಿಂದ ಜನವರಿ 27ರೊಳಗೆ ತಮ್ಮ ಒಪ್ಪಿಗೆ ದೊರೆತರೆ ಅನುಕೂಲ. ‘ನಿಮ್ಮ ಬ್ಯಾಳಿ ಬೇಯಂಗಿಲ್ಲ’ ಎಂಬುದು ಅಂಗಿಯ ಬೆನ್ನಿನ ಮೇಲೆ ಒಂದೇ ಸಾಲಿನಲ್ಲಿ ಹಿಡಿಯುವುದಿಲ್ಲ. ಎರಡು ಸಾಲು ಮಾಡುವಾಗ ‘ನಿಮ್ಮ ಬ್ಯಾಳಿ’ ಮೇಲೆ, ‘ಬೇಯಂಗಿಲ್ಲ’ ಕೆಳಗೆ ಬರಲಿ.

ನಮ್ಮ ಉಪಸಮಿತಿಯ ಸ್ವಂತ ವಾಟ್ಸ್‌ಆ್ಯಪ್ ಗುಂಪಿನ ಹೆಸರು ಪಟ್ಟಿಯಲ್ಲಿಲ್ಲವೇಕೆ ಎಂದು ತಾವು ಕೇಳಬಹುದು. ತೊಗರಿಯ ನಾಡಿನಲ್ಲಿ ಕುಳಿತು ಅದಕ್ಕೆ ‘ಹೆಸರು ಬ್ಯಾಳಿ’ ಎಂದು ಮೊದಲ ಸಭೆಯಲ್ಲೇ ಇಟ್ಟಾಗಿದೆ.

ತಮ್ಮ ವಿಶ್ವಾಸಿ,
ಸಂಚಾಲಕ, ಹೆಸರಿಡುವ ಉಪಸಮಿತಿ
ಬಿ.ಎ. ಅಂತಿಮ ವರ್ಷ