ಮನೆಯೊಳಗಿನ ನವೀಕರಣ ಕೆಲಸಗಳ ಸಮಯ ಮತ್ತು ನಿಯಮಗಳ ಕುರಿತು ಸೂಚನೆ

ದಿನಾಂಕ: 10 ಜನವರಿ 2025
ಸ್ಥಳ: ಜೆ.ಪಿ. ನಗರ 7ನೇ ಹಂತ, ಬೆಂಗಳೂರು
ಎ, ಬಿ ಮತ್ತು ಸಿ ಬ್ಲಾಕ್‌ಗಳ ಎಲ್ಲ ಮನೆ ಮಾಲೀಕರು ಹಾಗೂ ಬಾಡಿಗೆದಾರರ ಗಮನಕ್ಕೆ

ಮಾನ್ಯರೇ,

ಕಳೆದ ಅಕ್ಟೋಬರ್‌ನಿಂದ ಈಚೆಗೆ ನಮ್ಮ ಸಮುಚ್ಚಯದ ಐದು ಮನೆಗಳಲ್ಲಿ ನವೀಕರಣ ಕೆಲಸ ನಡೆದಿದ್ದು, ಅವುಗಳಲ್ಲಿ ಮೂರು ಏಕಕಾಲಕ್ಕೆ ಬಿ ಬ್ಲಾಕ್‌ನಲ್ಲಿಯೇ ನಡೆದವು. ಅದೇ ಅವಧಿಯಲ್ಲಿ ಒಂದು ಮನೆಯ ಬಚ್ಚಲಿನ ಟೈಲ್ಸ್ ಒಡೆಯುವಾಗ ಅದರಡಿಯ ವಾಟರ್‌ಪ್ರೂಫಿಂಗ್ ಪದರ ಹರಿದು ಕೆಳಮನೆಯ ಚಾವಣಿಯಿಂದ ನೀರು ತೊಟ್ಟಿಕ್ಕಿತು. ಇನ್ನೊಂದು ಕಡೆ ಸಿಮೆಂಟ್ ಕದಡಿದ ನೀರನ್ನು ನೆಲದ ಜಾಲರಿಗೆ ಸುರಿದ ಕಾರಣ ನಾಲ್ಕು ಮಹಡಿಗಳ ಕೊಳವೆ ಕಟ್ಟಿಕೊಂಡು, ಅದನ್ನು ಬಿಡಿಸಲು ಎರಡು ದಿನ ಹಿಡಿಯಿತು. ಈ ಹಿನ್ನೆಲೆಯಲ್ಲಿ ಜನವರಿ 5ರ ಭಾನುವಾರ ಸೇರಿದ ವಿಶೇಷ ಸಭೆಯು ಕೆಳಗಿನ ನಿಯಮಗಳಿಗೆ ಒಪ್ಪಿಗೆ ನೀಡಿದೆ. ಇವು ಫೆಬ್ರವರಿ 1ರಿಂದ ಜಾರಿಗೆ ಬರುತ್ತವೆ. ಈಗಾಗಲೇ ನಡೆಯುತ್ತಿರುವ ಕೆಲಸಗಳಿಗೂ ಅಂದಿನಿಂದ ಅನ್ವಯಿಸುತ್ತವೆ.

ಕೆಲಸಕ್ಕೆ ಸೋಮವಾರದಿಂದ ಶುಕ್ರವಾರದವರೆಗೆ ಬೆಳಗ್ಗೆ 9.30ರಿಂದ ಸಂಜೆ 5.30ರ ತನಕ ಅವಕಾಶವಿದೆ. ಡ್ರಿಲ್ಲಿಂಗ್, ಗೋಡೆ ಒಡೆಯುವುದು, ಟೈಲ್ಸ್ ಮತ್ತು ಗ್ರಾನೈಟ್ ಕತ್ತರಿಸುವುದು ಮುಂತಾದ ಸದ್ದಿನ ಕೆಲಸಗಳನ್ನು ಬೆಳಗ್ಗೆ 10ರಿಂದ 1 ಮತ್ತು ಮಧ್ಯಾಹ್ನ 3ರಿಂದ 5ರ ನಡುವೆ ಮಾತ್ರ ಮಾಡಬೇಕು. ಶನಿವಾರ ಬಣ್ಣ ಬಳಿಯುವುದು, ವೈರ್ ಎಳೆಯುವುದು, ಸ್ವಚ್ಛಗೊಳಿಸುವುದು ಮೊದಲಾದ ಸದ್ದಿಲ್ಲದ ಕೆಲಸಗಳನ್ನು ಮಧ್ಯಾಹ್ನ 2ರವರೆಗೆ ಮಾಡಬಹುದು. ಭಾನುವಾರ ಮತ್ತು ಸರ್ಕಾರಿ ರಜಾದಿನಗಳಲ್ಲಿ ಯಾವ ಕೆಲಸಕ್ಕೂ ಅನುಮತಿಯಿಲ್ಲ.

ಶಬ್ದ ಮಾಲಿನ್ಯ ಕುರಿತ 2000ದ ನಿಯಮಗಳು ಬೆಳಗ್ಗೆ 6ರಿಂದ ರಾತ್ರಿ 10ರವರೆಗಿನ ಅವಧಿಯನ್ನು ಹಗಲು ಎಂದು ಪರಿಗಣಿಸುತ್ತವಲ್ಲ, ನಮ್ಮ ಸಮಯ ಇಷ್ಟು ಬಿಗಿಯಾಗಿರುವುದೇಕೆ ಎಂದು ಸಭೆಯಲ್ಲಿ ಕೆಲವರು ಕೇಳಿದರು. ಅದೇ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55 ಡೆಸಿಬಲ್ ಮಿತಿಯನ್ನೂ ಹಾಕಿವೆ ಎಂಬುದನ್ನು ಮರೆಯಬಾರದು. ಕಾಂಕ್ರೀಟಿಗೆ ಹಿಡಿದ ಡ್ರಿಲ್ಲಿನ ಸದ್ದು ಗಾಳಿಯಲ್ಲಿ ಮಾತ್ರವಲ್ಲದೆ ಸ್ಲ್ಯಾಬ್ ಮತ್ತು ಕಂಬಗಳ ಮೂಲಕವೂ ಹರಿದು, ಮೇಲೆ ಕೆಳಗೆ ಎರಡು ಮೂರು ಮಹಡಿಗಳವರೆಗೆ ಪಕ್ಕದ ಕೋಣೆಯಲ್ಲೇ ಕೊರೆಯುತ್ತಿರುವಂತೆ ಕೇಳುತ್ತದೆ. ಮಧ್ಯಾಹ್ನದ ಎರಡು ಗಂಟೆಗಳ ಬಿಡುವು ನಮ್ಮಲ್ಲಿರುವ ಹಿರಿಯರಿಗೆ, ಹಸುಗೂಸುಗಳಿಗೆ ಮತ್ತು ರಾತ್ರಿ ಪಾಳಿ ಮುಗಿಸಿ ಬಂದು ಮಲಗುವವರಿಗಾಗಿ ಮೀಸಲಾಗಿದೆ. ಅದರಲ್ಲಿ ಯಾವ ರಿಯಾಯಿತಿಯನ್ನೂ ಕೊಡಲಾಗುವುದಿಲ್ಲ. ದ್ವಿತೀಯ ಪಿಯುಸಿ ಮತ್ತು ಎಸ್ಸೆಸ್ಸೆಲ್ಸಿ ಪರೀಕ್ಷೆಗಳಿಗಾಗಿ ಮಾರ್ಚ್ ತಿಂಗಳಿಡೀ ಮತ್ತು ಏಪ್ರಿಲ್ ಮೊದಲ ವಾರ, ಮಕ್ಕಳು ಸಾಮಾನ್ಯವಾಗಿ ಮನೆಯಲ್ಲಿರದೆ ಕೇಂದ್ರದಲ್ಲಿ ಪರೀಕ್ಷೆ ಬರೆಯುವ ಹೊತ್ತಾದ ಬೆಳಗ್ಗೆ 10ರಿಂದ 1ರವರೆಗೆ ಮಾತ್ರ ಸದ್ದಿನ ಕೆಲಸ ನಡೆಯತಕ್ಕದ್ದು.

ಕೆಲಸ ಆರಂಭಿಸುವುದಕ್ಕೆ ಕನಿಷ್ಠ ಏಳು ದಿನ ಮೊದಲು ಮಾಲೀಕರು ಸಂಘದ ಕಚೇರಿಗೆ ಲಿಖಿತ ಅರ್ಜಿ ಕೊಡಬೇಕು. ಕೆಲಸದ ವಿವರ, ಗೋಡೆ ಅಥವಾ ಕೊಳವೆಗಳಲ್ಲಿ ಬದಲಾವಣೆ ಇದ್ದರೆ ಅದರ ನಕ್ಷೆ, ಅಂದಾಜು ಅವಧಿ ಮತ್ತು ಗುತ್ತಿಗೆದಾರರ ಫೋನ್ ಸಂಖ್ಯೆ ಅರ್ಜಿಯಲ್ಲಿರಬೇಕು. ಬಾಡಿಗೆದಾರರು ಮಾಡಿಸುವ ಕೆಲಸಕ್ಕೂ ಮಾಲೀಕರ ಸಹಿ ಕಡ್ಡಾಯ. ಮರಳಿಸಬಹುದಾದ ಠೇವಣಿ 25,000 ರೂಪಾಯಿ. ಲಿಫ್ಟಿನ ಒಳಗೋಡೆಗೆ ಹೊದಿಕೆ ಹಾಕುವ ಮತ್ತು ಸಾಮಾನ್ಯ ಜಾಗ ಶುಚಿಗೊಳಿಸುವ ಶುಲ್ಕ 3,000 ರೂಪಾಯಿ. ಮೇಲಿನ, ಕೆಳಗಿನ ಮತ್ತು ಅಕ್ಕಪಕ್ಕದ ಮನೆಯವರಿಗೆ ಮಾಲೀಕರೇ ಖುದ್ದಾಗಿ ವಿಷಯ ತಿಳಿಸಬೇಕೆಂದು ಸಮಿತಿ ಕೋರುತ್ತದೆ. ಇದುವರೆಗೆ ನಮಗೆ ಬಂದ ದೂರುಗಳಲ್ಲಿ ಹೆಚ್ಚಿನವು ಯಾರೂ ಮುಂಚಿತವಾಗಿ ಒಂದು ಮಾತು ಹೇಳದಿದ್ದ ಮನೆಗಳ ಬಗ್ಗೆಯೇ ಇದ್ದವು.

ಕಂಬ, ತೊಲೆ, ಸ್ಲ್ಯಾಬ್ ಮತ್ತು ಕಾಂಕ್ರೀಟ್ ಗೋಡೆಗಳನ್ನು ಯಾವ ಕಾರಣಕ್ಕೂ ಒಡೆಯುವಂತಿಲ್ಲ, ಕೊರೆಯುವಂತಿಲ್ಲ, ವೈರಿಗಾಗಿ ಅವುಗಳಲ್ಲಿ ಸೀಳು ತೋಡುವಂತಿಲ್ಲ. ನಮ್ಮ ಸಿ ಬ್ಲಾಕ್‌ನ ಗೋಡೆಗಳು ಇಟ್ಟಿಗೆಯವಲ್ಲ. ಅಚ್ಚಿನಲ್ಲಿ ಎರಕ ಹೊಯ್ದ ಕಾಂಕ್ರೀಟಿನವಾದ್ದರಿಂದ ಮೇಲಿನ ಎಲ್ಲ ಮಹಡಿಗಳ ಭಾರ ಅವುಗಳ ಮೇಲೆಯೇ ಇದೆ. ಅಡುಗೆಮನೆ ಮತ್ತು ಹಾಲ್ ನಡುವಿನ ಗೋಡೆ ತೆಗೆಯುವ ಆಲೋಚನೆ ಅಲ್ಲಿಯ ನಿವಾಸಿಗಳಲ್ಲಿದ್ದರೆ ದಯವಿಟ್ಟು ಕೈಬಿಡಿ. ಎ ಮತ್ತು ಬಿ ಬ್ಲಾಕ್‌ಗಳಲ್ಲಿ ಇಟ್ಟಿಗೆ ಗೋಡೆ ತೆಗೆಯುವವರು ಸ್ಟ್ರಕ್ಚರಲ್ ಇಂಜಿನಿಯರರ ಪತ್ರ ಲಗತ್ತಿಸಬೇಕು. ಕಟ್ಟಡದ ಭದ್ರತೆಗೆ ಧಕ್ಕೆ ತರುವ ಕೆಲಸವನ್ನು ಯಾವ ಮಾಲೀಕರೂ ಮಾಡಬಾರದೆಂದು ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972 ಸಹ ಹೇಳುತ್ತದೆ.

ಬಚ್ಚಲಿನ ನೆಲ ತೆಗೆಯುವ ಮನೆಗಳಲ್ಲಿ ಹೊಸ ವಾಟರ್‌ಪ್ರೂಫಿಂಗ್ ಆದ ಮೇಲೆ, ಟೈಲ್ಸ್ ಕೂರಿಸುವ ಮೊದಲು, 48 ಗಂಟೆ ನೀರು ನಿಲ್ಲಿಸಿ ಪರೀಕ್ಷಿಸಬೇಕು. ಆ ಅವಧಿ ಮುಗಿದಾಗ ನಮ್ಮ ಪ್ಲಂಬರ್ ಕೆಳಮನೆಯ ಚಾವಣಿಯನ್ನು ನೋಡಿ ಸಹಿ ಹಾಕುತ್ತಾರೆ. ಆ ಸಹಿಯಿಲ್ಲದೆ ಟೈಲ್ಸ್ ಕೂರಿಸಿದ್ದು ಕಂಡುಬಂದರೆ ಠೇವಣಿ ಹಿಂತಿರುಗುವುದಿಲ್ಲ. ಕೆಳಮನೆಗೆ ಸೋರಿಕೆಯಾದರೆ ದುರಸ್ತಿಯ ಪೂರ್ಣ ವೆಚ್ಚ ಮೇಲಿನ ಮನೆಯವರದು. ಗ್ಯಾಸ್ ಕೊಳವೆ ಮತ್ತು ಬೆಂಕಿ ನಂದಿಸುವ ಸ್ಪ್ರಿಂಕ್ಲರ್‌ಗಳನ್ನು ಸ್ಥಳಾಂತರಿಸಬೇಕಿದ್ದರೆ ಸಂಬಂಧಿಸಿದ ಅಧಿಕೃತ ತಂತ್ರಜ್ಞರಿಂದಲೇ ಮಾಡಿಸಬೇಕು. ಫಾಲ್ಸ್ ಸೀಲಿಂಗ್ ಹಾಕುವಾಗ ಸ್ಪ್ರಿಂಕ್ಲರ್ ತಲೆಗಳನ್ನು ಒಳಗೆ ಮುಚ್ಚಿಬಿಡುವುದನ್ನು ಎರಡು ಮನೆಗಳಲ್ಲಿ ನೋಡಿದ್ದೇವೆ. ಬೆಂಕಿ ಬಿದ್ದಾಗ ಅವು ಇದ್ದೂ ಇಲ್ಲದಂತೆ.

ಟೈಲ್ಸ್ ಮತ್ತು ಪ್ಲೈವುಡ್ ಕತ್ತರಿಸುವುದು, ಸಿಮೆಂಟ್ ಕಲಸುವುದು ಮನೆಯೊಳಗೇ ಆಗಬೇಕು. ಮೊಗಸಾಲೆ, ಮೆಟ್ಟಿಲು, ಬಾಲ್ಕನಿಗಳಲ್ಲಿ ಅಲ್ಲ. ಬಾಲ್ಕನಿಯಲ್ಲಿ ಕತ್ತರಿಸಿದ ಕಲ್ಲಿನ ಧೂಳು ಕೆಳಗಿನವರ ಒಣಗಿದ ಬಟ್ಟೆಯ ಮೇಲೆ, ತುಳಸಿ ಗಿಡದ ಮೇಲೆ ಬಂದು ಕೂರುತ್ತದೆ. ಒಡೆದ ಟೈಲ್ಸ್ ಮತ್ತು ಗಾರೆಯನ್ನು 25 ಕೆ.ಜಿ. ಮೀರದಂತೆ ಚೀಲಗಳಲ್ಲಿ ಕಟ್ಟಿ, ಅದೇ ದಿನ ಸಂಜೆಯೊಳಗೆ ಹಿಂಬದಿಯ ಗೇಟಿನ ಪಕ್ಕದ ಗುರುತು ಮಾಡಿದ ಜಾಗದಲ್ಲಿಡಬೇಕು. ನಾಲ್ಕು ದಿನಕ್ಕೊಮ್ಮೆಯಾದರೂ ಅಧಿಕೃತ ವಿಲೇವಾರಿ ಸ್ಥಳಕ್ಕೆ ಸಾಗಿಸುವ ಹೊಣೆ ಮಾಲೀಕರದು. ರಸ್ತೆ ಬದಿಗೋ ರಾಜಕಾಲುವೆಗೋ ಸುರಿಯುವುದು ಅಪರಾಧ.

ಸಾಮಾನು ಸಾಗಿಸಲು ಸರ್ವಿಸ್ ಲಿಫ್ಟನ್ನು ಮಾತ್ರ, ಬೆಳಗ್ಗೆ 10ರ ನಂತರ ಬಳಸಬೇಕು. ಅದರ ಸಾಮರ್ಥ್ಯ 13 ಜನ ಅಥವಾ 884 ಕೆ.ಜಿ.; ಟೈಲ್ಸ್ ಪೆಟ್ಟಿಗೆಗಳು ಸಣ್ಣದಾಗಿ ಕಂಡರೂ ಬಲು ತೂಕದವು, ಆದ್ದರಿಂದ ಒಂದು ಸಲಕ್ಕೆ 15ಕ್ಕಿಂತ ಹೆಚ್ಚು ಪೆಟ್ಟಿಗೆ ಏರಿಸಬಾರದು. ಈ ನಿರ್ಬಂಧ ಸಾಮಾನಿಗೆ ಮಾತ್ರ. ಕೆಲಸಗಾರರು ಎಲ್ಲರಂತೆ ಯಾವ ಲಿಫ್ಟನ್ನಾದರೂ ಬಳಸಬಹುದು. ಅವರನ್ನು ಮೆಟ್ಟಿಲು ಹತ್ತಿಸಬೇಕೆಂಬ ಸಲಹೆಯನ್ನು ಸಮಿತಿ ಒಪ್ಪಿಲ್ಲ. ಪ್ರತಿಯೊಬ್ಬ ಕೆಲಸಗಾರರಿಗೂ ಗೇಟಿನಲ್ಲಿ ಭಾವಚಿತ್ರವಿರುವ ಪಾಸ್ ಕೊಡಲಾಗುತ್ತದೆ. ಅವರಿಗೆ ಕುಡಿಯುವ ನೀರು, ಶೌಚಾಲಯ ಮತ್ತು ಊಟ ಮಾಡಲು ಜಾಗವನ್ನು ಮಾಲೀಕರು ತಮ್ಮ ಮನೆಯಲ್ಲಿಯೇ ಒದಗಿಸಬೇಕು. ರಾತ್ರಿ ತಂಗಲು ಅವಕಾಶವಿಲ್ಲ.

ಸಮಯ ಮೀರಿ ಕೆಲಸ ನಡೆದರೆ ಮೊದಲ ಬಾರಿ ಲಿಖಿತ ಎಚ್ಚರಿಕೆ, ಎರಡನೇ ಬಾರಿ 2,000 ರೂಪಾಯಿ ದಂಡ, ಮೂರನೇ ಬಾರಿ ಗುತ್ತಿಗೆದಾರರ ಪಾಸುಗಳನ್ನು ಒಂದು ವಾರ ತಡೆಹಿಡಿಯಲಾಗುವುದು. ನೀರಿನ ಕೊಳವೆ ಒಡೆಯುವುದು, ವಿದ್ಯುತ್ ಶಾರ್ಟ್ ಆಗುವುದು ಮುಂತಾದ ತುರ್ತು ದುರಸ್ತಿಗಳಿಗೆ ಸಮಯದ ಮಿತಿಯಿಲ್ಲ. ಸೆಕ್ಯುರಿಟಿ ಕೊಠಡಿಯ ಪುಸ್ತಕದಲ್ಲಿ ಬರೆದು ಕೆಲಸ ಆರಂಭಿಸಬಹುದು. ದೂರುಗಳಿದ್ದರೆ ಕೆಲಸಗಾರರೊಂದಿಗೆ ವಾದಕ್ಕಿಳಿಯದೆ ಸಂಘದ ಕಚೇರಿಗೆ ತಿಳಿಸಿ. ಕಚೇರಿ ಬೆಳಗ್ಗೆ 9ರಿಂದ ಸಂಜೆ 6ರವರೆಗೆ ತೆರೆದಿರುತ್ತದೆ, ಅರ್ಜಿ ನಮೂನೆಗಳೂ ಅಲ್ಲಿಯೇ ಸಿಗುತ್ತವೆ.

ಕಾರ್ಯಕಾರಿ ಸಮಿತಿಯ ಪರವಾಗಿ,
ಕಾರ್ಯದರ್ಶಿ
ನಿವಾಸಿಗಳ ಸಂಘ