ವೈವಾ ಮುಗೀತು

ಇವತ್ತು ಮಧ್ಯಾಹ್ನ ಒಂದೂವರೆಗೆ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಶುರುವಾಗಿದ್ದು 2018ರಲ್ಲಿ. ಎಷ್ಟು ವರ್ಷ ಆಯಿತು ಅಂತ ನೀವೇ ಲೆಕ್ಕ ಹಾಕಿಕೊಳ್ಳಿ, ನಾನು ಹಾಕೋದು ಬಿಟ್ಟು ಬಹಳ ದಿನ ಆಯಿತು.

ಫೋಟೋದಲ್ಲಿ ನನ್ನ ಪಕ್ಕ ನಿಂತವರು ನಮ್ಮ ಗೈಡ್. ಮುಖ ಗಂಟು ಹಾಕಿಕೊಂಡಿದ್ದಾರೆ ಅಂದ್ಕೋಬೇಡಿ, ಅದು ಅವರ ನಗು. ನನಗೂ ಅದು ತಿಳಿಯೋಕೆ ಮೂರು ವರ್ಷ ಬೇಕಾಯಿತು.

ವಿಷಯ ತೊಗರಿಯ ನೆಟೆ ರೋಗ. ಕಲಬುರಗಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗೆ ಎರಡು ಮಾತು. ಹೂ ಬಿಟ್ಟು ಕಾಯಿ ಕಟ್ಟೋ ಹೊತ್ತಿಗೆ, ಹಚ್ಚಗಿರೋ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಗಿಡ ನಿಂತಲ್ಲೇ ಬಾಡುತ್ತೆ. ಕಾಂಡ ಸೀಳಿ ನೋಡಿದರೆ ಒಳಗೆ ಉದ್ದಕ್ಕೆ ಕಪ್ಪು ಗೆರೆ. ಫ್ಯುಸೇರಿಯಂ ಉಡಮ್ ಅನ್ನೋ ಶಿಲೀಂಧ್ರ ಮಣ್ಣಿನಿಂದ ಬೇರಿಗೆ ಹೊಕ್ಕು, ನೀರು ಏರೋ ದಾರಿಯನ್ನೇ ಕಟ್ಟಿಬಿಡುತ್ತೆ. ನೆಲದಲ್ಲಿ ನೀರಿದ್ದರೂ ಗಿಡ ನೀರಡಿಸಿ ಸಾಯುತ್ತೆ. ಅಪ್ಪನ ಹೊಲದಲ್ಲಿ ಸಣ್ಣವಳಿದ್ದಾಗಿಂದ ನೋಡಿದ್ದು, ಅದಕ್ಕೇ ಈ ವಿಷಯ ತಗೊಂಡೆ. ಹುಮ್ಮಸ್ಸಿತ್ತು. ಸೇಡಂ, ಚಿತ್ತಾಪುರ, ಆಳಂದ, ಜೇವರ್ಗಿ ಅಂತ ಬಸ್ಸಿನಲ್ಲಿ ತಿರುಗಿ ಒಣಗಿದ ಗಿಡಗಳನ್ನು ಚೀಲಕ್ಕೆ ತುಂಬಿಕೊಂಡು ಬರುತ್ತಿದ್ದೆ. ಒಬ್ಬ ಕಂಡಕ್ಟರ್ ಅಂತೂ "ಏನವಾ, ಒಲಿಗೆ ಕಟ್ಟಿಗಿ ಒಯ್ಯಾಕತ್ತಿ ಏನು?" ಅಂತ ಕೇಳಿದ್ದ.

ಹೀಗೆ ಒಟ್ಟು 53 ಮಾದರಿ ಆಯಿತು. ಎಲ್ಲದರಿಂದಲೂ ಶಿಲೀಂಧ್ರ ಬೇರೆ ಮಾಡಿ, ಅಗರ್ ಟ್ಯೂಬಿನಲ್ಲಿ ಬೆಳೆಸಿ ಫ್ರಿಜ್ಜಿನಲ್ಲಿಟ್ಟೆ. ಸರ್ ಬಂದು ನೋಡಿದರು. "ಮಣ್ಣಾಗೂ ಒಂದೊಂದು ಇಟ್ಟಿರು" ಅಂದರು. ಕಾಯಿಸಿದ ಮಣ್ಣಿನಲ್ಲಿ ಇಟ್ಟರೆ ಇದು ವರ್ಷಗಟ್ಟಲೆ ಉಳಿಯುತ್ತೆ, ಪದೇಪದೇ ಅಗರ್‌ನಲ್ಲೇ ಬೆಳೆಸಿದರೆ ರೋಗ ತರೋ ಕಸುವು ಕುಂದಬಹುದು. ನನಗೋ ಬೇಜಾರು. ಮಾಡಿದ ಕೆಲಸವನ್ನೇ ಎರಡು ಸಲ ಮಾಡಬೇಕಲ್ಲ ಅಂತ ಸುಮ್ನೆ 12 ಮಾತ್ರ ಮಾಡಿಟ್ಟೆ. ಎಲ್ಲಾ ಮಾಡಿದೆ ಅಂತ ಸುಳ್ಳು ಹೇಳಿದೆ. (ಸರ್, ಇದು ನಿಮಗೆ ಗೊತ್ತಿತ್ತು ಅನ್ನೋದು ನನಗೂ ಗೊತ್ತು.)

ಆಮೇಲೆ 2020ರ ಮಾರ್ಚ್. ಲಾಕ್‌ಡೌನ್ ಅಂದರು, ಊರಿಗೆ ಹೋದೆ. ಲ್ಯಾಬಿಗೆ ಮರಳಿ ಬಂದಾಗ ಫ್ರಿಜ್ಜು ಯಾವಾಗ ನಿಂತಿತ್ತೋ ಏನೋ, ಬಾಗಿಲು ತೆಗೆದರೆ ಮೂಗು ಮುಚ್ಚಿಕೊಳ್ಳೋ ಹಾಗಿತ್ತು. ಟ್ಯೂಬುಗಳ ತುಂಬ ಹಸಿರು ಬೂಸ್ಟು. ಎರಡು ವರ್ಷದ ಕೆಲಸ ಹೋಯಿತು. ಬದುಕಿದ್ದು ಮಣ್ಣಿನಲ್ಲಿದ್ದ ಆ 12 ಮಾತ್ರ. ಸರ್ ಒಂದೊಂದೇ ಟ್ಯೂಬ್ ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಹನ್ನೆರಡರ ಮ್ಯಾಲೇ ಮಾಡು" ಅಂದರು. ಉಳಿದ 41 ಎಲ್ಲಿ ಅಂತ ಕೇಳಲೇ ಇಲ್ಲ. ಅವತ್ತು ಬೈದಿದ್ದರೆ ಚೆನ್ನಾಗಿತ್ತು, ನನಗೆ ಅಳೋಕಾದರೂ ಒಂದು ಕಾರಣ ಸಿಗುತ್ತಿತ್ತು.

2021 ಇನ್ನೂ ಕೆಟ್ಟದು. ಕುಂಡದಲ್ಲಿ ತೊಗರಿ ಹಾಕಿ ರೋಗ ಹಚ್ಚಿ ನೋಡೋ ಪ್ರಯೋಗ. ರೋಗ ಹಚ್ಚಿದ ಗಿಡ ಸಾಯಬೇಕು, ಏನೂ ಹಚ್ಚದೆ ಹೋಲಿಕೆಗೆ ಇಟ್ಟಿದ್ದು ಬದುಕಬೇಕು. ನನ್ನ ಕುಂಡದಲ್ಲಿ ಎರಡೂ ಸತ್ತವು. ಅಷ್ಟರಲ್ಲಿ ಫೆಲೋಶಿಪ್ ಮುಗಿದಿತ್ತು, ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ ಅಂತ ಸೇರಿದ್ದೆ, ಸಂಬಳ ಬಂದಾಗ ಬಂತು ಇಲ್ಲದಾಗ ಇಲ್ಲ, ಯಾವ ಮದುವೆಗೆ ಹೋದರೂ "ಇನ್ನೂ ಮುಗಿಲಿಲ್ಲೇನವಾ ನಿಂದು?" ಅಂತ ಒಬ್ಬರಾದರೂ ಕೇಳೋರು, ಅವರಿಗೆ ಏನು ಹೇಳಬೇಕು ಅಂತ ಬಸ್ಸಿನಲ್ಲಿ ಮಳಖೇಡ ದಾಟೋವರೆಗೂ ಯೋಚನೆ ಮಾಡಿಕೊಂಡು ಕೂತಿರುತ್ತಿದ್ದೆ. ಒಂದು ರಾತ್ರಿ ಸರ್‌ಗೆ ಮೆಸೇಜ್ ಮಾಡಿದೆ. ಉದ್ದಕ್ಕೆ ಬರೆದಿದ್ದೆ. ನನ್ನ ಕೈಲಿ ಆಗಲ್ಲ, ಬಿಡ್ತೀನಿ, ನಿಮ್ಮ ಟೈಮ್ ಹಾಳು ಮಾಡಿದೆ, ಹೀಗೆ.

ಬೆಳಗ್ಗೆ ಉತ್ತರ ಬಂತು. "ಸೋಮವಾರ 11ಕ್ಕೆ ಬಾ. ಟೇಬಲ್ 4 ತಗೊಂಡು ಬಾ."

ಅಷ್ಟೇ! ಸಮಾಧಾನದ ಒಂದು ಮಾತೂ ಇಲ್ಲ. ಸಿಟ್ಟು ಬಂತು. ಆದರೂ ಹೋದೆ, ಯಾಕೆ ಹೋದೆ ಅಂತ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಸರ್ ಹಸಿರು ಪೆನ್ನು ಹಿಡಿದುಕೊಂಡು, ಕುಂಡದ ಪ್ರಯೋಗದ ಲೆಕ್ಕವಿದ್ದ ಆ ಟೇಬಲ್ 4 ಮೇಲಿಂದ ಕೆಳಗೆ ಓದಿದರು. ಫ್ಯಾನ್ ತಿರುಗುತ್ತಿತ್ತು, ಹಾಳೆ ಹಾರಬಾರದು ಅಂತ ಚಹಾದ ಖಾಲಿ ಲೋಟ ಇಟ್ಟಿದ್ದರು. ಆಮೇಲೆ ಕೇಳಿದರು, "ಮಣ್ಣು ಎಷ್ಟು ಸಲ ಕಾಯಿಸಿದಿ?"

"ಒಂದು ಸಲ ರೀ ಸರ್."

"ಇವತ್ತೊಮ್ಮಿ, ನಾಳಿಗೊಮ್ಮಿ. ಎರಡು ಸಲ ಕಾಯಿಸು."

ಅದೇ ತಪ್ಪು. ಮೊದಲ ಸಲ ಕಾಯಿಸಿದಾಗ ಮಣ್ಣಿನಲ್ಲಿ ಉಳಿದುಕೊಂಡ ಶಿಲೀಂಧ್ರ ರಾತ್ರಿ ಚಿಗುರುತ್ತೆ, ಎರಡನೇ ದಿನ ಮತ್ತೆ ಕಾಯಿಸಿದರೆ ಸಾಯುತ್ತೆ. ಎರಡು ಸಲ ಕಾಯಿಸಿದೆ. ಹೋಲಿಕೆಯ ಗಿಡಗಳು ಬದುಕಿದವು. ಹಸಿರಾಗಿ ನಿಂತಿದ್ದ ಆ ಕುಂಡಗಳ ಮುಂದೆ ನಾನು ಎಷ್ಟು ಹೊತ್ತು ಕೂತಿದ್ದೆ ಅಂದರೆ, ವಾಚ್‌ಮನ್ ಕಾಕಾ ಬಂದು "ಮನಿಗೆ ಹೋಗಂಗಿಲ್ಲೇನವಾ" ಅಂದರು.

ಆಮೇಲಿನ ಕಥೆ ಬೇಗ ಹೇಳುತ್ತೇನೆ. ಬರೆಯೋದು, ತಿದ್ದೋದು, ಅವಧಿ ವಿಸ್ತರಣೆಗೆ ಅರ್ಜಿ, ಕೊಲೊಕ್ವಿಯಂ, ಮತ್ತೆ ತಿದ್ದೋದು. ಎರಡನೇ ಅಧ್ಯಾಯ ಏಳು ಸಲ ವಾಪಸ್ ಬಂತು. ಏಳೂ ಸಲ ಹಸಿರು ಇಂಕು, ಒಂದು ಸಲವೂ ನನ್ನ ಮುಖಕ್ಕೆ ಬಿಸಾಕಿದ ಹಾಗೆ ಇರಲಿಲ್ಲ. ಪ್ರತಿ ಸಲ ಕೊನೆಯ ಪುಟದಲ್ಲಿ ಮುಂದಿನ ಸೋಮವಾರದ ತಾರೀಖು.

ಇವತ್ತು ಹೊರಗಿನ ಪರೀಕ್ಷಕರು ಕೊನೆಗೆ ಒಂದು ಪ್ರಶ್ನೆ ಕೇಳಿದರು. ಇದರಿಂದ ರೈತನಿಗೆ ಏನಮ್ಮ? ಹೇಳಿದೆ. ನೆಟೆ ಬಿದ್ದ ಹೊಲಕ್ಕೆ ಮರುವರ್ಷ ತೊಗರಿ ಬೇಡ, ಜೋಳ ಹಾಕಿ, ರೋಗ ತಡೆಯೋ ತಳಿ ಆರಿಸಿ, ಒಣಗಿದ ಗಿಡದ ಬೇರು ಹೊಲದಲ್ಲೇ ಬಿಡಬೇಡಿ. ಹಿಂದಿನ ಸಾಲಲ್ಲಿ ಕೂತಿದ್ದ ಅಪ್ಪ ಪಕ್ಕದವರಿಗೆ ಪಿಸುಗುಟ್ಟಿದ್ದು ಇಡೀ ಹಾಲಿಗೆ ಕೇಳಿಸಿತು, "ಜ್ವಾಳ ಹಾಕ್ರಿ ಅಂತ ನಮ್ಮಪ್ಪನೂ ಹೇಳ್ತಿದ್ದ." ಎಲ್ಲರೂ ನಕ್ಕರು. ನಾನು ನೆಲಕ್ಕಿಳಿದು ಹೋದೆ. ಆಗ ಸರ್ ಅಪ್ಪನ ಕಡೆ ತಿರುಗಿ, "ಖರೆ ಅದ ರೀ. ಯಾಕ ಅಂತ ಅವರು ಬರೆದಿಟ್ಟಿರಲಿಲ್ಲ, ಈಕಿ ಬರದಾಳ" ಅಂದರು.

ಇಷ್ಟು ವರ್ಷದಲ್ಲಿ ನನ್ನ ಬಗ್ಗೆ ಸರ್ ನಾಲ್ಕು ಜನರ ಎದುರು ಹೇಳಿದ್ದು ಅದೊಂದೇ ಮಾತು. ನಾನೂ ಜಾಸ್ತಿ ಹೇಳಲ್ಲ, ಹೊಗಳಿದರೆ ಅವರಿಗೆ ಆಗಲ್ಲ. ಸರ್, ಥ್ಯಾಂಕ್ಸ್. ಆ ಸೋಮವಾರ ಕರೆದಿದ್ದಕ್ಕೆ, 41ರ ಲೆಕ್ಕ ಕೇಳದೇ ಇದ್ದದ್ದಕ್ಕೆ.

ಅವ್ವ, ನೀನು ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿಯ ಲೆಕ್ಕ ಬೇರೆನೇ ಇದೆ, ಅದನ್ನ ಮನೆಗೆ ಬಂದು ಹೇಳ್ತೀನಿ. ಹಾಸ್ಟೆಲ್‌ನ ಗೆಳತಿಯರೇ, ನನ್ನ ಗೋಳು ಕೇಳಿಸಿಕೊಂಡು ನೀವೆಲ್ಲ ನನಗಿಂತ ಮೊದಲೇ ಡಾಕ್ಟರ್ ಆದಿರಿ, ಹೊಟ್ಟೆಕಿಚ್ಚು ಇತ್ತು, ಇವತ್ತಿಗೆ ಮುಗಿಯಿತು. ಮತ್ತೆ ಎಲ್ಲರಿಗೂ ಒಂದು ಮಾತು, ಯೂನಿವರ್ಸಿಟಿಯ ನೋಟಿಫಿಕೇಷನ್ ಬರೋವರೆಗೂ ನನ್ನ ಡಾಕ್ಟರ್ ಅಂತ ಕರೀಬೇಡಿ. ಬಂದ ಮೇಲೆ ಬೇಕಾದಷ್ಟು ಕರೀರಿ, ಬೇಡ ಅನ್ನಲ್ಲ.

ಫೋಟೋ ತೆಗೆದ ಮೇಲೆ ಸರ್ ಹೊರಡುತ್ತಾ ಬಾಗಿಲಲ್ಲಿ ನಿಂತರು. ಏನಾದರೂ ಹೇಳ್ತಾರೆ ಅಂದುಕೊಂಡೆ.

"ಮೂರನೇ ಅಧ್ಯಾಯದ ಪೇಪರ್ ಎಲ್ಲಿಗೆ ಬಂತು?"

"ಸೋಮವಾರ ತರ್ತೀನ್ರಿ ಸರ್."